ಸ್ಮಾಲ್ ಕ್ಯಾಪ್ ಫಂಡ್‌ನಿಂದ ಬೇಕಾದಾಗ ಹಣ ತೆಗೆಯಬಹುದಾ?

"ಇದು ನನ್ನ ಮೊದಲ ಹೂಡಿಕೆ. ಎಲ್ಲಾ ದುಡ್ಡನ್ನೂ ಸ್ಮಾಲ್ ಕ್ಯಾಪ್ ಫಂಡ್‌ಗೇ ಹಾಕಲಾ? ಬೇಕಾದಾಗ ತೆಗೆಯಬಹುದು ಅಲ್ವಾ?"

ಸಾಮಾನ್ಯವಾಗಿ ತೆಗೆಯಬಹುದು. ಆದರೆ ಯಾವ ಬೆಲೆಗೆ ಅನ್ನೋದು ಬೇರೆ ಮಾತು.

ಫಂಡ್ ಬಳಿ ಒಂದು ಸಣ್ಣ ಕಂಪನಿಯ 10 ಲಕ್ಷ ಷೇರು ಇವೆ ಅಂದುಕೊಳ್ಳಿ. ಮಾರುಕಟ್ಟೆಯಲ್ಲಿ ಅದರ ವಹಿವಾಟು ದಿನಕ್ಕೆ 50 ಸಾವಿರ ಷೇರು ಅಷ್ಟೇ. ಬೆಲೆ ಕೆಡದಂತೆ ಅದರ ಐದನೇ ಒಂದು ಭಾಗ ಮಾರಿದರೂ ದಿನಕ್ಕೆ 10 ಸಾವಿರ. ಪೂರ್ತಿ ಕೈಬಿಡೋಕೆ 100 ವಹಿವಾಟಿನ ದಿನ ಬೇಕು! ಎಲ್ಲರೂ ಒಟ್ಟಿಗೆ ಹಣ ಕೇಳಿದರೆ ಮ್ಯಾನೇಜರ್ ಸುಲಭವಾಗಿ ಹೋಗುವ ಷೇರನ್ನೇ ಮೊದಲು ಮಾರುತ್ತಾರೆ. ಉಳಿದವರ ಪಾಲಿಗೆ ಕೊಳ್ಳುವವರಿಲ್ಲದ ಸರಕೇ ಜಾಸ್ತಿ.

ಕುಸಿತ ಆಳವಾಗೋಕೆ ಇದೂ ಒಂದು ಕಾರಣ. ಅಮೆರಿಕದ ಸಣ್ಣ ಕಂಪನಿಗಳ ರಸೆಲ್ 2000 ಸೂಚ್ಯಂಕ 2007ರಿಂದ 2009ರೊಳಗೆ ಸುಮಾರು 60% ಬಿತ್ತು. 100 ರೂಪಾಯಿ 40 ಆದರೆ ಮತ್ತೆ 100 ಆಗೋಕೆ 150% ಏರಬೇಕು. ವರ್ಷಕ್ಕೆ 12% ಸಿಕ್ಕರೂ ಸುಮಾರು ಎಂಟು ವರ್ಷ ಬೇಕು. ಒಮ್ಮೊಮ್ಮೆ ಬೇಗ ಏರುತ್ತೆ, ಆದರೆ ಅದನ್ನೇ ನಂಬಿ ಕೂರಬೇಡಿ.

ನನ್ನ ಕೇಳಿದರೆ, ಮೊದಲು ದೊಡ್ಡ ಕಂಪನಿಗಳ ಇಂಡೆಕ್ಸ್ ಫಂಡ್. ಹತ್ತು ವರ್ಷ ಮುಟ್ಟದ ಹಣದಲ್ಲಿ ಒಂದು ಸಣ್ಣ ಪಾಲು ಮಾತ್ರ ಇಲ್ಲಿಗೆ, ಅದೂ ತಿಂಗಳು ತಿಂಗಳು. ಹಾಕುವ ಮುಂಚೆ ಫಂಡ್ ಗಾತ್ರ ನೋಡಿ. ತುಂಬಾ ದೊಡ್ಡದಾದರೆ ಈ ಮಾರಾಟದ ತಲೆನೋವೂ ದೊಡ್ಡದೇ.