34 ಕಾಮೆಂಟು, ಮಾಡಲೇಬೇಕಾದದ್ದು ಎಷ್ಟು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು ಬೆಂಗಳೂರಿನ ಒಂದು ಕಂಪನಿಯ ಡೆವಲಪರ್, ಕೆಲಸಕ್ಕೆ ಸೇರಿ ಎರಡು ವರ್ಷ. ರೀಫಂಡ್ ಕೋಡಿನ ರಿವ್ಯೂನಲ್ಲಿ 34 ಕಾಮೆಂಟು ಬಿದ್ದಿವೆ, ಮೇಲೆ `Request changes` ಬೇರೆ. "ಮೇಲಿಂದ ಒಂದೊಂದೇ ಸರಿ ಮಾಡ್ತಾ ಹೋಗ್ತೀನಿ ಮೇಡಂ, ಅಷ್ಟರಲ್ಲಿ ಇನ್ನೊಂದಷ್ಟು ಬರ್ತವೆ. ರಾತ್ರಿ ನಿದ್ದೆ ಇಲ್ಲ" ಅಂದರು.

ನಿದ್ದೆಯ ವಿಷಯ ಆಮೇಲೆ ಮಾತಾಡೋಣ ಅಂತ ಮೊದಲು ಕಾಮೆಂಟುಗಳನ್ನೇ ಓದಿಸಿದೆ. ಅವರು ಮೊದಲು ಹಿಡಿದುಕೊಂಡಿದ್ದು ಸೀನಿಯರ್ ಒಬ್ಬರು ಖಾರವಾಗಿ ಬರೆದದ್ದನ್ನು: ವೇರಿಯಬಲ್ ಹೆಸರು ಚೆನ್ನಾಗಿಲ್ಲ ಅಂತ, ಅದೂ ಒಂಬತ್ತು ಕಡೆ. ಕೆಳಗೆಲ್ಲೋ ಇನ್ನೊಬ್ಬರು ನಗುಮುಖದ ಇಮೋಜಿ ಹಾಕಿ ಮೆಲ್ಲಗೆ ಕೇಳಿದ್ದರು, "ಇದು ಎರಡು ಸಲ ಕಾಲ್ ಆದ್ರೆ ಏನಾಗುತ್ತೆ?" ಪ್ರಶ್ನೆ ತಾನೇ ಅಂತ ಇವರು ದಾಟಿ ಹೋಗಿದ್ದರು. ಆದರೆ ನೆಟ್‌ವರ್ಕ್ ತಡವಾಗಿ ರಿಕ್ವೆಸ್ಟ್ ಮತ್ತೆ ಹೋದರೆ ಗ್ರಾಹಕನಿಗೆ ಎರಡು ಸಲ ದುಡ್ಡು ವಾಪಸ್ ಹೋಗುತ್ತಿತ್ತು! ದನಿ ನೋಡಿ ತೂಕ ಅಳೆಯಬೇಡಿ ಅಂದೆ. ಪ್ರತಿ ಕಾಮೆಂಟಿಗೂ ಒಂದೇ ಪ್ರಶ್ನೆ ಹಾಕಿ: ಇದನ್ನು ಹೀಗೇ ಮರ್ಜ್ ಮಾಡಿದರೆ ಏನು ಕೆಡುತ್ತೆ, ಯಾರಿಗೆ?

ಒಂದೇ ಮಾತು ಹೇಳುವ ಕಾಮೆಂಟುಗಳನ್ನು ಒಂದು ಸಾಲಿಗೆ ಇಳಿಸಿದೆವು. ಒಂಬತ್ತು ಹೆಸರಿನ ಜಗಳ ಒಂದಾಯಿತು. ಆಮೇಲೆ "ಮಾಡಲೇಬೇಕು" ಅನ್ನುವ ಪಟ್ಟಿಯಲ್ಲಿ ಉಳಿದದ್ದು ಮೂರೇ. ಮೊದಲನೆಯದು ಎರಡು ಸಲ ರೀಫಂಡ್. ಎರಡನೆಯದು ಈ ಸಾಲು, ಹೊರಗಿನಿಂದ ಬಂದ ಮೌಲ್ಯವನ್ನು ನೇರವಾಗಿ ಕ್ವೆರಿಗೆ ಅಂಟಿಸಿರುವುದು:

```python
cur.execute("SELECT * FROM orders WHERE id = " + order_id)
```

ಮೂರನೆಯದು, ಗೇಟ್‌ವೇ ಟೈಮ್‌ಔಟ್ ಆದರೂ ಆರ್ಡರ್ `refunded` ಅಂತಲೇ ಉಳಿಯುವುದು. ಹೆಸರು, `nit:` ಅಂತ ಶುರುವಾದ ಸಣ್ಣಪುಟ್ಟ ತಕರಾರುಗಳು, ಫಂಕ್ಷನ್ ಒಡೆಯಿರಿ ಅನ್ನುವ ಸಲಹೆಗಳು ಎಲ್ಲಾ "ಸಾಧ್ಯವಾದರೆ ಮಾಡಬಹುದು" ಪಟ್ಟಿಗೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರು ರಿವ್ಯೂವರ್‌ಗಳು ಒಬ್ಬರಿಗೊಬ್ಬರು ವಿರುದ್ಧ ಹೇಳಿದ್ದರು. ಅದನ್ನು ನೀವು ತೀರ್ಮಾನ ಮಾಡಬೇಡಿ, ಇಬ್ಬರ ಹೆಸರೂ ಹಾಕಿ ಕೇಳಿ ಅಂದೆ.

ಇಷ್ಟೇ ಮಾಡಿ ಸುಮ್ನಿದ್ದರೆ ಅಪಾಯ ಇದೆ. ಪಟ್ಟಿ ನಿಮ್ಮ ಲೆಕ್ಕ ಅಷ್ಟೇ, ರಿವ್ಯೂವರ್‌ದಲ್ಲ. ಹಾಗಾಗಿ ಪ್ರತಿ ಸಾಲಿಗೂ ಮೂಲ ಕಾಮೆಂಟಿನ ಲಿಂಕ್ ಕೊಟ್ಟು, ಕೋಡ್ ಮುಟ್ಟುವ ಮೊದಲೇ ಪಟ್ಟಿಯನ್ನು ರಿವ್ಯೂನಲ್ಲೇ ಹಾಕಿ, "ಮೊದಲ ಮೂರು ಈಗ ಮಾಡ್ತೀನಿ, ಉಳಿದದ್ದರಲ್ಲಿ ಯಾವುದಾದರೂ ಮೇಲೆ ಬರಬೇಕಾ?" ಅಂತ ಕೇಳಲು ಹೇಳಿದೆ.

ಕೇಳಿದರು. ಒಂದು ಮೇಲೆ ಬಂತು: ಲಾಗ್‌ನಲ್ಲಿ ಗ್ರಾಹಕರ ಫೋನ್ ನಂಬರ್ ಪ್ರಿಂಟ್ ಆಗುತ್ತಿದ್ದ ಸಾಲು. ನಾವಿಬ್ಬರೂ ಅದನ್ನು ಬರೀ ಅಚ್ಚುಕಟ್ಟಿನ ಮಾತು ಅಂದುಕೊಂಡಿದ್ದೆವು. ಹೆಸರುಗಳನ್ನು ಅವರು ಆಗಲೇ ಬದಲಿಸಿದರು, ಐದು ನಿಮಿಷದ ಕೆಲಸ. ಫಂಕ್ಷನ್ ಒಡೆಯುವುದಕ್ಕೆ ಬೇರೆ ಟಿಕೆಟ್ ಆಯಿತು. ಆ ಸೀನಿಯರ್‌ನ ಖಾರ ಮಾತ್ರ ಇನ್ನೂ ಚುಚ್ಚುತ್ತಿದೆಯಂತೆ, ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.