ಶುಗರ್ ಓಪಿಡಿ ನೋಟ್: ಮೊದಲು ಮಾತ್ರೆ ಚೀಲ ಬಿಚ್ಚಿಸಿ

"ರಾಯಚೂರಲ್ಲಿ ಹೌಸ್ ಸರ್ಜನ್. ಒಬ್ಬರಿಗೆ ಐದು ನಿಮಿಷವೂ ಸಿಗಲ್ಲ. ಶುಗರ್ ಫಾಲೋಅಪ್‌ಗೆ 'ಹೊಸ ತೊಂದರೆ ಇಲ್ಲ, ಫಾಸ್ಟಿಂಗ್ 196, ಅನ್‌ಕಂಟ್ರೋಲ್ಡ್, ಗ್ಲಿಮೆಪಿರೈಡ್ ಹೆಚ್ಚಿಸಿದೆ' ಅಂತ ಸೋಪ್ ನೋಟ್ ಬರೆದರೆ ಸಾಕಾ?"

ಸಾಕಾಗಲ್ಲ ಡಾಕ್ಟ್ರೇ. ಇಂಥ ನೋಟ್ ನೋಡಿದಾಗೆಲ್ಲ ಸಿಂಧನೂರು ಕಡೆಯ ಒಬ್ಬ ಭತ್ತದ ರೈತರು ನೆನಪಾಗುತ್ತಾರೆ. ವಯಸ್ಸು 54, ಫಾಸ್ಟಿಂಗ್ ಇಷ್ಟೇ ಇತ್ತು. ಗ್ಲಿಮೆಪಿರೈಡ್ ಏರಿಸುವುದೊಂದೇ ಬಾಕಿ. ಚೀಲ ಬಿಚ್ಚಿಸಿದರೆ ಆಸ್ಪತ್ರೆ ಕೊಟ್ಟ ಗ್ಲಿಮೆಪಿರೈಡ್ 2 ಎಂಜಿ ಇದೆ. ಜೊತೆಗೆ ಮೆಡಿಕಲ್ ಶಾಪಿನ ಕಾಂಬಿನೇಷನ್, ಅದರಲ್ಲೂ ಗ್ಲಿಮೆಪಿರೈಡ್ 2! ಬೆಳಿಗ್ಗೆ ಎರಡನ್ನೂ ನುಂಗಿ ಗದ್ದೆಗೆ ಹೋಗುತ್ತಿದ್ದರು. ರಾತ್ರಿ ಮೆಟ್‌ಫಾರ್ಮಿನ್ ಮಾತ್ರ ಬಿಟ್ಟಿದ್ದರು. "ಊಟದ ಮುಂದ ತಗೊಂಡ್ರ ಹೊಟ್ಟಿ ಕೆಡ್ತದ್ರಿ" ಅಂದರು. ಕೇಳಿದ ಮೇಲೆ ಇನ್ನೊಂದು ಹೇಳಿದರು: ಹನ್ನೊಂದರ ಹೊತ್ತಿಗೆ ಬೆವರು, ನಡುಕ, ಸಕ್ಕರೆ ಚಹಾ ಕುಡಿದರೆ ಸರಿ.

ನೋಟ್ ಹೀಗೆ ಬಂತು. ಎಸ್ ಅಂದರೆ ರೋಗಿ ಹೇಳಿದ್ದು, ಓ ನಾವು ಕಂಡದ್ದು, ಎ ನಮ್ಮ ಅಂದಾಜು, ಪಿ ಮುಂದೇನು ಅನ್ನೋದು:

ಎಸ್: ಗ್ಲಿಮೆಪಿರೈಡ್ ಎರಡು ಕಡೆಯಿಂದ, ದಿನಕ್ಕೆ 4 ಎಂಜಿ. ರಾತ್ರಿ ಮೆಟ್‌ಫಾರ್ಮಿನ್ ಬಿಟ್ಟಿದ್ದಾರೆ. ವಾರಕ್ಕೆರಡು ಸಲ ನಡುಕ, ಚಹಾಕ್ಕೆ ಇಳಿಯುತ್ತದೆ.
ಓ: ಫಾಸ್ಟಿಂಗ್ 196, ಬಿಪಿ 148/92, ಪಾದ ನೋಡಿದೆ, ಗಾಯ ಇಲ್ಲ. ಇಜಿಎಫ್‌ಆರ್ 78.
ಎ: ಟೈಪ್ 2. ಫಾಸ್ಟಿಂಗ್ ಹೆಚ್ಚು, ರಾತ್ರಿ ಮಾತ್ರೆ ಬಿಟ್ಟದ್ದು ಕಾರಣ ಇರಬಹುದು. ಹಗಲು ಲೋ ಶುಗರ್, ಡಬಲ್ ಡೋಸ್‌ನಿಂದ.
ಪಿ: ಕಾಂಬಿನೇಷನ್ ನಿಲ್ಲಿಸಿದೆ. ಗ್ಲಿಮೆಪಿರೈಡ್ 1 ಎಂಜಿ, ತಿಂಡಿಯ ಜೊತೆ. ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಊಟ ಆದ ಮೇಲೆ. ಎಚ್‌ಬಿಎ1ಸಿ ಕಳಿಸಿದೆ. ಎರಡು ವಾರಕ್ಕೆ ಬಿಪಿ, ಶುಗರ್ ಮತ್ತೆ.

'ಎ'ನಲ್ಲಿ ಬರೀ 'ಅನ್‌ಕಂಟ್ರೋಲ್ಡ್' ಅಂತ ಬರೆಯಬೇಡಿ. ಯಾಕೆ ಅಂತ ಬರೆಯಿರಿ. ಮುಂದಿನ ಸಲ ಬೇರೆ ಡಾಕ್ಟ್ರು ಕೂತಿರುತ್ತಾರೆ, ಕಾರಣ ಕಾಣದಿದ್ದರೆ ಅವರೂ ಡೋಸ್ ಏರಿಸುತ್ತಾರೆ.

ಕೆಲವರು "ಟೆಂಪ್ಲೇಟ್ ಮಾಡಿಕೊಳ್ಳಿ" ಅನ್ನುತ್ತಾರೆ. 'ಓ'ಗೆ ಸರಿ. ಆದರೆ 'ಎಸ್'ನಲ್ಲಿ 'ಮಾತ್ರೆ ಸರಿಯಾಗಿ ತಗೊಳ್ತಾರೆ' ಅಂತ ಮೊದಲೇ ಟೈಪ್ ಆಗಿದ್ದರೆ ಅದು ಸುಳ್ಳು ನೋಟ್. ಚೀಟಿಯಲ್ಲಿ ಬರೀ ಬ್ರ್ಯಾಂಡ್ ಹೆಸರು ಬರೆಯುವ ಚಾಳಿಯೂ ಬೇಡ. ಬಣ್ಣ ಬೇರೆ, ಹೆಸರು ಬೇರೆ ಅಂತ ಜನ ಒಂದೇ ಮದ್ದನ್ನು ಎರಡು ಸಲ ನುಂಗುತ್ತಾರೆ.

ಗ್ಲಿಮೆಪಿರೈಡ್ ಪೂರ್ತಿ ನಿಲ್ಲಿಸಬೇಕಿತ್ತು ಅಂತ ನಮ್ಮ ಸೀನಿಯರ್ ವಾದ. ಆಗಬಹುದು. ವಯಸ್ಸಾದವರಲ್ಲಿ, ಕಿಡ್ನಿ ಕೆಟ್ಟವರಲ್ಲಿ ನಾನೂ ನಿಲ್ಲಿಸುತ್ತೇನೆ. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಕೂಡ ಬೇಡ, ಅದಕ್ಕೇ ಆ ಸಂಖ್ಯೆ 'ಓ'ನಲ್ಲಿ ಇರಲೇಬೇಕು.