ಗುಂಡಿ ಬಿದ್ದ ಸೋಫಾಗೆ ಮೊದಲು ಮೈ, ಆಮೇಲೆ ಬಟ್ಟೆ

"ಅಕ್ಕಾ, ನಾವು ಹೊರದೇಶಕ್ಕೆ ಬಂದು ಎರಡು ತಿಂಗಳಾಯ್ತು. ಬಾಡಿಗೆ ಮನೆ ಜೊತೆಗೇ ಮೂರು ಸೀಟಿನ ಹಳೇ ಸೋಫಾ ಸಿಕ್ಕಿದೆ. ಬೂದು ಬಟ್ಟೆ, ಮಧ್ಯದ ಸೀಟು ಗುಂಡಿ ಬಿದ್ದಿದೆ, ಕೈ ಇಡೋ ಜಾಗ ಜಿಡ್ಡು ಹಿಡಿದು ಕಪ್ಪಾಗಿದೆ. ಮುಂದೆ ಮನೆ ಬದಲಾಯಿಸ್ತೀವಿ, ಹೊಸದು ತಗೊಳ್ಳೋ ಮನಸ್ಸಿಲ್ಲ. ನಾಲ್ಕು ಕುಶನ್ ಕವರ್, ಸೋಫಾ ಮೇಲೆ ಹೊದಿಸೋ ಒಂದು ಥ್ರೋ ತಂದು ಹಾಕಿದೆ. ಆದ್ರೂ ಯಾಕೋ ಕಳೆನೇ ಬರ್ತಿಲ್ಲ. ನೀವು ಶುರುವಿನಲ್ಲಿ ಹೇಗೆ ಮಾಡಿಕೊಂಡ್ರಿ?"

ನಾನು ಐದು ವರ್ಷ ಇಂಥದೇ ಸೋಫಾ ಮೇಲೆ ಕೂತವಳು. ಅದು ಕಂದು ಬಣ್ಣದ, ಚರ್ಮದ ಹಾಗೆ ಕಾಣುವ ರೆಕ್ಸಿನ್‌ದು. ಹೊಸ ದೇಶದಲ್ಲಿ ಮೊದಲ ತಿಂಗಳುಗಳಲ್ಲಿ ಹೋಗಿಬರಲು ನಾಲ್ಕು ಮನೆಗಳೂ ಇರುವುದಿಲ್ಲ. ಸಂಜೆಯೆಲ್ಲ ಅದೇ ಸೋಫಾ, ಊರಿಗೆ ವಿಡಿಯೋ ಕಾಲ್ ಮಾಡಿದರೆ ಹಿಂದೆ ಕಾಣುವುದೂ ಅದೇ. ಹಾಗಾಗಿ ನಿಮ್ಮ ಬೇಸರ ಅರ್ಥವಾಗುತ್ತೆ. ನಾನೂ ಮೊದಲು ಮಾಡಿದ್ದು ನೀವು ಮಾಡಿದ್ದನ್ನೇ: ಕವರ್ ತಂದೆ, ಹಾಕಿದೆ, ಏನೂ ಬದಲಾಗಲಿಲ್ಲ. ಕಾರಣ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಸೋಫಾ ಹಳತಾಗಿ ಕಾಣುವುದು ಬಣ್ಣದಿಂದಲ್ಲ. ಮೈ ಕುಸಿದಿರುತ್ತೆ, ಮೇಲ್ಮೈ ಸವೆದು ಚಪ್ಪಟೆಯಾಗಿರುತ್ತೆ. ಕುಸಿದ ಮೈ ಮೇಲೆ ಎಂಥ ಬಟ್ಟೆ ಹೊದಿಸಿದರೂ ಗುಂಡಿ ಗುಂಡಿಯಾಗಿಯೇ ಉಳಿಯುತ್ತೆ.

ಮೊದಲು ಎಲ್ಲ ತೆಗೆಯಿರಿ. ಸೀಟಿನ ದಿಂಬುಗಳನ್ನು ಹೊರಗಿಟ್ಟು ಸಂದುಗೊಂದಿಗೆಲ್ಲ ವ್ಯಾಕ್ಯೂಮ್ ಹಿಡಿಯಿರಿ. ಹಾಗೇ ಟಾರ್ಚ್ ಹಾಕಿ ಹೊಲಿಗೆಗಳ ಉದ್ದಕ್ಕೂ ನೋಡಿ. ಪೆನ್ನಿನಿಂದ ಚುಕ್ಕಿ ಇಟ್ಟ ಹಾಗೆ ಕಪ್ಪು ಕಲೆಗಳು ಸಾಲಾಗಿ ಕಂಡರೆ ತಿಗಣೆಯ ಗುರುತು. ಆಗ ಕೆಲಸ ಅಲ್ಲಿಗೇ ನಿಲ್ಲಿಸಿ ಮನೆ ಮಾಲೀಕರಿಗೆ ತಿಳಿಸಬೇಕು, ಹೊಸ ಬಟ್ಟೆ ಒಂದನ್ನೂ ಅದರ ಮೇಲೆ ಹಾಕಬೇಡಿ.

ಅದೇನೂ ಇಲ್ಲವಾದರೆ ದಿಂಬು ತೆಗೆದ ಜಾಗವನ್ನು ಅಂಗೈಯಿಂದ ಒತ್ತಿ ನೋಡಿ. ಎರಡೂ ತುದಿ ಬಿಗಿಯಾಗಿದ್ದು ಮಧ್ಯ ಮಾತ್ರ ಜೋತು ಬಿದ್ದಿದ್ದರೆ ತಪ್ಪು ತಳದ ಪಟ್ಟಿಯದೋ ಸ್ಪ್ರಿಂಗಿನದೋ. ತಳ ಎಲ್ಲ ಕಡೆ ಒಂದೇ ಸಮ ಇದ್ದರೆ ತಪ್ಪು ದಿಂಬಿನೊಳಗಿನ ಫೋಮಿನದು. ಎರಡಕ್ಕೂ ಮದ್ದು ಬೇರೆ ಬೇರೆ.

ತಳ ಜೋತಿದ್ದರೆ ದಿಂಬಿನ ಕೆಳಗೆ 6ರಿಂದ 9 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ ಇಡಬಹುದು. ಒಳಗಿನ ಅಳತೆಗಿಂತ ಸುತ್ತಲೂ ಒಂದೊಂದು ಸೆಂಟಿಮೀಟರ್ ಚಿಕ್ಕದಾಗಿರಲಿ. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡದಿದ್ದರೆ ಬಟ್ಟೆ ಹರಿಯುತ್ತೆ. ಕೂತಾಗ ಸೀಟು ಮುಂಚಿನಷ್ಟು ಮೆತ್ತಗಿರಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಕೂತಾಗ ಕಟಕಟ ಸದ್ದು ಬಂದು ಒಂದು ಕಡೆಗೆ ವಾಲಿದರೆ ಚೌಕಟ್ಟಿನ ಮರವೇ ಬಿರುಕು ಬಿಟ್ಟಿರಬಹುದು. ಅದಕ್ಕೆ ಹಲಗೆ ಪರಿಹಾರವಲ್ಲ.

ಫೋಮ್ ಸೋತಿದ್ದರೆ ಕೆಲಸ ಇನ್ನೂ ಸುಲಭ. ಮಧ್ಯದ ದಿಂಬು ಮತ್ತು ತುದಿಯ ದಿಂಬು ಒಂದೇ ಅಳತೆ ಇದ್ದರೆ ಜಾಗ ಬದಲಿಸಿ, ಮಗುಚಿ ಹಾಕಿ. ಆಮೇಲೆ ಜಿಪ್ ಬಿಚ್ಚಿ ಫೋಮ್ ಹೊರತೆಗೆದು, ರಜಾಯಿಯೊಳಗೆ ಹಾಕುವ ಪಾಲಿಯೆಸ್ಟರ್ ಹತ್ತಿಯ ಹಾಳೆಯನ್ನು ಒಂದೋ ಎರಡೋ ಸುತ್ತು ಸುತ್ತಿ ಮತ್ತೆ ಕವರಿನೊಳಗೆ ತುರುಕಿ. ಹಾಳೆ ಮುಂದಿನ ಅಂಚಿನ ಮೇಲಿಂದ ಹಾದು ಬರಲಿ, ಅದರ ತುದಿಗಳು ಸೇರುವ ಜಾಗ ಹಿಂಬದಿಗೆ ಬೀಳಲಿ. ಸಡಿಲವಾಗಿ ಸುಕ್ಕುಗಟ್ಟಿದ್ದ ಕವರ್ ಬಿಗಿಯಾಗುತ್ತೆ, ಸೀಟಿನ ಮಧ್ಯ ಮತ್ತೆ ಉಬ್ಬುತ್ತೆ. ನನ್ನ ಸೋಫಾಗೆ ಮಾಡಿದ್ದರಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಬದಲಾವಣೆ ತಂದದ್ದು ಇನ್ನೊಂದಿಲ್ಲ.

ಕೈ ಇಡುವ ಜಾಗದ ಜಿಡ್ಡಿಗೆ ಸೋಫಾದ ಲೇಬಲ್ ನೋಡಿ. 'ಡಬ್ಲ್ಯೂ' ಅಕ್ಷರ ಇದ್ದರೆ ನೀರು ತಾಗಿಸಬಹುದು. ಪಾತ್ರೆ ಸೋಪನ್ನು ಉಗುರುಬೆಚ್ಚಗಿನ ನೀರಲ್ಲಿ ಕದಡಿ, ಬರೀ ನೊರೆಯನ್ನು ಬಿಳಿ ಬಟ್ಟೆಯಲ್ಲಿ ತಗೊಂಡು ಒರೆಸಿ, ಆಮೇಲೆ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಇನ್ನೊಮ್ಮೆ. ಬರೀ 'ಎಸ್' ಇದ್ದರೆ ನೀರು ಹಾಕಲೇಬೇಡಿ, ನೀರು ಆರಿದ ಕಡೆ ಅಂಚು ಉಳಿದು ಕಲೆ ಇನ್ನೂ ದೊಡ್ಡದಾಗುತ್ತೆ.

ಈಗ ನಿಮ್ಮ ನಾಲ್ಕು ಕುಶನ್‌ಗಳ ವಿಷಯ. ಕವರ್ ಚೆನ್ನಾಗಿರಬಹುದು, ಒಳಗಿನ ದಿಂಬು ಕವರಿನಷ್ಟೇ ಅಳತೆಯದು ಇರಬೇಕು ಅಂತ ನನ್ನ ಊಹೆ. 45 ಸೆಂಟಿಮೀಟರ್ ಕವರಿಗೆ 45ರ ದಿಂಬು ಹಾಕಿದರೆ ನಾಲ್ಕೂ ಮೂಲೆ ಖಾಲಿ ಉಳಿದು ನಾಯಿಕಿವಿಯ ಹಾಗೆ ಜೋತು ಬೀಳುತ್ತೆ. 45ರ ಕವರಿಗೆ 50ರ ದಿಂಬು ಹಾಕಿ. ಐದು ಸೆಂಟಿಮೀಟರ್ ದೊಡ್ಡದು ಅಷ್ಟೇ, ಆದರೆ ಮೂಲೆ ತುಂಬಿ ಬಟ್ಟೆ ಬಿಗಿಯುತ್ತೆ. ಹೊಸ ದಿಂಬು ಕೊಳ್ಳುವುದು ಬೇಡವಾದರೆ ಇರುವುದನ್ನೇ ಒಂದು ಬದಿ ಹೊಲಿಗೆ ಬಿಚ್ಚಿ, ಮಲಗುವ ಹಳೇ ತಲೆದಿಂಬಿನ ಹತ್ತಿಯನ್ನು ಬೆರಳಲ್ಲಿ ಬಿಡಿಸಿ ಮೂಲೆಗಳಿಗೆ ಮೊದಲು ತುಂಬಿ, ಆಮೇಲೆ ಮಧ್ಯಕ್ಕೆ. ಉಂಡೆಯಾಗಿಯೇ ತುರುಕಿದರೆ ಗಂಟು ಗಂಟಾಗಿ ಹೊರಗೆ ಕಾಣುತ್ತೆ. ಮಧ್ಯಕ್ಕೆ ಮುಷ್ಟಿ ಒತ್ತಿ ಕೈ ತೆಗೆದಾಗ ಗುಂಡಿ ತಾನಾಗೇ ತುಂಬಿಕೊಂಡರೆ ಸಾಕು. ಕವರಿಗೆ ದುಡ್ಡು ಉಳಿಸಿ ದಿಂಬಿಗೆ ಹಾಕಿ ಅಂತ ಯಾರು ಕೇಳಿದರೂ ಹೇಳ್ತೀನಿ.

ಥ್ರೋ ಜಾರಿ ಮುದ್ದೆಯಾಗುತ್ತಾ ಅಂತ ನೀವು ಬರೆದಿಲ್ಲ, ಆದರೆ ಆಗೇ ಆಗುತ್ತೆ. ಸಾಮಾನ್ಯವಾಗಿ ಸಿಗುವ ಥ್ರೋ 130ಕ್ಕೆ 170 ಸೆಂಟಿಮೀಟರ್. ಅದು ಒಂದು ಮೂಲೆಗೆ ಇಳಿಬಿಡಲು ಸರಿ, ಸೋಫಾ ಮುಚ್ಚಲು ಸಾಲದು. ನನ್ನದರ ಲೆಕ್ಕ ಹೇಳ್ತೀನಿ, ನಿಮ್ಮದನ್ನು ಹಾಗೇ ಅಳೆಯಿರಿ. ಮುಂದೆ ಇಳಿಯಲು 40, ಸೀಟಿನ ಆಳ 55, ಸೀಟು ಮತ್ತು ಬೆನ್ನಿನ ನಡುವಿನ ಸಂದಿಗೆ ತುರುಕಲು 15, ಬೆನ್ನಿನ ಎತ್ತರ 50, ಹಿಂದಕ್ಕೆ ಮಡಚಲು 20. ಒಟ್ಟು 180. ಅಗಲಕ್ಕೆ ಎರಡು ಕೈಗಳ ನಡುವಿನ 160, ಎರಡೂ ಬದಿಯ ಸಂದಿಗೆ ಹದಿನೈದು ಹದಿನೈದು, ಒಟ್ಟು 190. ಈ ಅಳತೆ ಬಂದಾಗ ನಾನು ಥ್ರೋ ಹುಡುಕುವುದನ್ನೇ ಬಿಟ್ಟೆ. 220ಕ್ಕೆ 240ರ ದಪ್ಪ ಹತ್ತಿಯ ಮಂಚದ ಹೊದಿಕೆ ತಂದೆ. ಥ್ರೋ ಅನ್ನುವ ಹೆಸರಿಗೆ ಕೊಡುವ ದುಡ್ಡಿಗಿಂತ ಇದು ಅಗ್ಗ, ತೊಳೆಯಲೂ ಸುಲಭ. ಹತ್ತಿ ಮೊದಲ ತೊಳೆತಕ್ಕೆ ಸ್ವಲ್ಪ ಕುಗ್ಗುತ್ತೆ, ಆದ್ದರಿಂದ ತೊಳೆದು ಒಣಗಿಸಿದ ಮೇಲೆಯೇ ಮಡಿಕೆ, ಹೊಲಿಗೆ ಎಲ್ಲ.

ಸಂದಿಗೆ ತುರುಕಿದ ಬಟ್ಟೆ ನಿಲ್ಲಬೇಕಾದರೆ ಅದರ ಹಿಂದೆಯೇ ಏನಾದರೂ ಬೆಣೆ ಬೇಕು. ಹಳೇ ಪೇಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ಟೇಪ್ ಹಾಕಿ, ಬಟ್ಟೆಯ ಮೇಲಿಂದ ಸಂದಿಯೊಳಗೆ ಅದುಮಿ. ಸುರುಳಿ ಹೊರಗೆ ಕಾಣದಷ್ಟು ಆಳಕ್ಕೆ ಹೋಗಬೇಕು. ಸೀಟಿನ ಮೇಲೆ ಹೊದಿಕೆಯ ಕೆಳಗೆ ಕಾರ್ಪೆಟ್ ಜಾರದಿರಲು ಹಾಸುವ ರಬ್ಬರ್ ಜಾಲರಿಯ ಒಂದು ತುಂಡು ಹಾಕಿ. ಪಿನ್ನು, ಸ್ಟೇಪ್ಲರ್ ಮುಟ್ಟಬೇಡಿ. ಸೋಫಾ ಮಾಲೀಕರದು, ಮನೆ ಬಿಡುವಾಗ ಒಂದೊಂದು ತೂತೂ ಲೆಕ್ಕಕ್ಕೆ ಬರಬಹುದು. ಹಾಗೇ ಗಾಢ ಬಣ್ಣದ ಹೊದಿಕೆಯಾದರೆ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಅದನ್ನು ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ನಿಮ್ಮ ಬೂದು ಸೋಫಾಗೂ ಹತ್ತುತ್ತೆ.

ಇನ್ನು ನಾನು ಬಹಳ ಇಷ್ಟಪಡುವ ಭಾಗ, ಮೇಲ್ಮೈ. ನನ್ನ ಮೊದಲ ಐದು ಕವರ್‌ಗಳು ಒಂದಕ್ಕಿಂತ ಒಂದು ಚಂದದ ಬಣ್ಣದವು, ಆದರೆ ಎಲ್ಲವೂ ನುಣುಪು, ಎಲ್ಲವೂ ಹೊಳೆಯುವಂಥವು. ಹೊಳೆಯುವ ರೆಕ್ಸಿನ್ ಮೇಲೆ ಹೊಳೆಯುವ ಸ್ಯಾಟಿನ್. ಕಣ್ಣಿಗೆ ಹಿಡಿತವೇ ಸಿಗಲಿಲ್ಲ, ಕುಶನ್‌ಗಳೂ ಜಾರಿ ನೆಲಕ್ಕೆ ಬೀಳುತ್ತಿದ್ದವು. ಆಮೇಲೆ ತಿರುಗಿಸಿ ಮಾಡಿದೆ. ಬಣ್ಣ ಹತ್ತಿರ ಹತ್ತಿರ, ಮೇಲ್ಮೈ ದೂರ ದೂರ. ಗೋಧಿ ಬಣ್ಣದ ಒರಟು ಹತ್ತಿ ಹೊದಿಕೆ, ಅದರ ಮೇಲೆ ತುದಿಯಲ್ಲಿ ಜೇನು ಬಣ್ಣದ ಗೆರೆಗೆರೆ ಕಾರ್ಡುರಾಯ್, ಅದರ ಮುಂದೆ ದಪ್ಪ ಹೆಣಿಗೆಯ ಉಣ್ಣೆಯದು, ಇನ್ನೊಂದು ತುದಿಯಲ್ಲಿ ಒಂದೇ ಒಂದು ವೆಲ್ವೆಟ್. ಇಷ್ಟಕ್ಕೇ ಅದೇ ಸೋಫಾ ಎದ್ದು ಕೂತ ಹಾಗಾಯಿತು. ಒರಟು ನೂಲಿನ ಉಬ್ಬುತಗ್ಗುಗಳಲ್ಲಿ ಸಣ್ಣ ಸಣ್ಣ ನೆರಳು ಬೀಳುತ್ತೆ, ಪಕ್ಕದಲ್ಲಿ ವೆಲ್ವೆಟ್ ಬೆಳಕನ್ನು ಬೇರೆ ಥರ ಹಿಡಿಯುತ್ತೆ. ಕಣ್ಣಿಗೆ ತುಂಬಿದ ಹಾಗೆ ಅನಿಸುವುದು ಆ ವ್ಯತ್ಯಾಸದಿಂದ.

ನಿಮ್ಮ ಬೂದು ಬಟ್ಟೆ ಸವೆದು ನುಣುಪಾಗಿದ್ದರೆ ಮೊದಲು ಒರಟು ಉಣ್ಣೆಯೋ ದಪ್ಪ ಹೆಣಿಗೆಯೋ ಒಂದು ಬೇಕು. ಸರಿಯಾಗಿದೆಯೋ ಇಲ್ಲವೋ ತಿಳಿಯಲು ಫೋನಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ. ಎಲ್ಲವೂ ಒಂದೇ ಬೂದು ಗೋಡೆಯಾಗಿ ಕಂಡರೆ ಬಣ್ಣವನ್ನೇ ನಂಬಿಕೊಂಡಿದ್ದೀರಿ ಅಂತ ಅರ್ಥ. ಒಂದೊಂದು ಬಟ್ಟೆಯ ಗುರುತೂ ಬೇರೆ ಬೇರೆ ಸಿಕ್ಕರೆ ಸಾಕು, ಇನ್ನೇನೂ ಕೊಳ್ಳಬೇಡಿ. ಸಂಜೆ ತಲೆಯ ಮೇಲಿನ ದೀಪ ಆರಿಸಿ ಪಕ್ಕದಲ್ಲೊಂದು ಟೇಬಲ್ ಲ್ಯಾಂಪ್ ಹಚ್ಚಿ. ಪಕ್ಕದ ಬೆಳಕಿಗೆ ನೂಲಿನ ಏರಿಳಿತ ಚೆನ್ನಾಗಿ ಕಾಣುತ್ತೆ. ವೆಲ್ವೆಟ್ ಕವರ್ ಎರಡಿದ್ದರೆ ರೋಮ ಒಂದೇ ದಿಕ್ಕಿಗೆ ಮಲಗುವ ಹಾಗೆ ಇಡಿ, ಇಲ್ಲದಿದ್ದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತೆ. ಒಟ್ಟು ಐದು ಕುಶನ್ ದಾಟಬೇಡಿ, ಮನುಷ್ಯರು ಕೂರುವ ಜಾಗ ಅದು.

ಆ ಉಣ್ಣೆಯ ಕವರನ್ನು ನಾನು ಕೊಂಡದ್ದಲ್ಲ, ಮೊಣಕೈ ಹರಿದ ಸ್ವೆಟರಿನಿಂದ ಹೊಲಿದದ್ದು. ಹೆಣಿಗೆ ಕತ್ತರಿಸಿದರೆ ಬಿಚ್ಚಿಕೊಳ್ಳುತ್ತೆ, ಅದಕ್ಕೇ ಕತ್ತರಿಸುವ ಗೆರೆಯ ಎರಡೂ ಪಕ್ಕ ಮೊದಲು ಅಂಕುಡೊಂಕು ಹೊಲಿಗೆ ಹಾಕಬೇಕು. ಮಾಮೂಲಿ ಬಟ್ಟೆಯಾದರೆ ಜಿಪ್ಪೂ ಬೇಡ. 48 ಸೆಂಟಿಮೀಟರ್ ಅಗಲ, 110 ಉದ್ದದ ಒಂದು ಪಟ್ಟಿ ಸಾಕು. ಎರಡು ತುದಿಗೆ ಎರಡೂವರೆ ಸೆಂಟಿಮೀಟರ್ ಮಡಚಿ ಹೊಲಿದರೆ 105 ಉಳಿಯುತ್ತೆ. ಒಳಮೈ ಹೊರಗೆ ಬರುವ ಹಾಗೆ ಮಡಚಿ, ತುದಿಗಳು ಒಂದರ ಮೇಲೊಂದು 15 ಸೆಂಟಿಮೀಟರ್ ಬರಲಿ, ಎರಡೂ ಬದಿ ಒಂದೂವರೆ ಸೆಂಟಿಮೀಟರ್ ಒಳಗೆ ಹೊಲಿದು ತಿರುವಿ. 45ರ ಚೌಕದ ಕವರ್ ಸಿಗುತ್ತೆ. ಮೇಲೆ ಹತ್ತಿದ ಭಾಗ 10ಕ್ಕಿಂತ ಕಡಿಮೆಯಾದರೆ ತುಂಬಿದ ದಿಂಬು ಬಾಯಿ ಬಿಡುತ್ತೆ.

ಕೆಲವು ಸೋಫಾಗೆ ಇದ್ಯಾವುದೂ ನಡೆಯಲ್ಲ. ನನ್ನ ರೆಕ್ಸಿನ್ ಐದನೇ ವರ್ಷ ಹೊಟ್ಟಿನ ಹಾಗೆ ಉದುರತೊಡಗಿತು. ಮೇಲಿನ ಪ್ಲಾಸ್ಟಿಕ್ ಪದರ ಹಾಗೆ ಕಳಚಲು ಶುರುವಾದರೆ ನಿಲ್ಲುವುದಿಲ್ಲ, ಚೂರುಗಳು ಹೊದಿಕೆಗೂ ಮೈಗೂ ಅಂಟುತ್ತವೆ. ತೇವ ಹಿಡಿದು ಬೂಷ್ಟು ವಾಸನೆ ಫೋಮಿನೊಳಗೇ ಇದ್ದರೂ ಅಷ್ಟೇ, ಬಟ್ಟೆ ಹಾಕಿ ಮುಚ್ಚಿದರೆ ತೇವ ಆರುವುದು ಇನ್ನೂ ತಡವಾಗುತ್ತೆ. ಅಂಥದ್ದನ್ನು ಮಾಲೀಕರಿಗೆ ಹೇಳಿ ಬದಲಿಸಿಕೊಳ್ಳಿ. ಇನ್ನೊಂದು, ಹೀಟರ್ ಸೋಫಾ ಪಕ್ಕದಲ್ಲಿದ್ದರೆ ಇಳಿಬಿಟ್ಟ ಹೊದಿಕೆಯ ತುದಿ ಅದಕ್ಕೆ ತಾಗದ ಹಾಗೆ ದೂರ ಇರಲಿ.

ಆ ಸೋಫಾವನ್ನು ನಾನು ಅಲ್ಲೇ ಬಿಟ್ಟು ಬಂದೆ. ದಿಂಬುಗಳನ್ನು ಗಾಳಿ ಹೀರುವ ಚೀಲದಲ್ಲಿ ಚಪ್ಪಟೆ ಮಾಡಿ ಕಾರಿನ ಹಿಂದಿನ ಸೀಟಲ್ಲೇ ತಂದೆ. ಆ ಜೇನು ಬಣ್ಣದ ಕಾರ್ಡುರಾಯ್ ಈಗ ಮೂರನೇ ಮನೆಯಲ್ಲಿದೆ, ಇದನ್ನು ಬರೆಯುವಾಗ ನನ್ನ ಬೆನ್ನ ಹಿಂದೆ ಅದೇ ಇದೆ.